ಟೀಚರ್‌ಗೆ ಅಕ್ಕ ಬರೆದ ಮೇಲ್ ಅನ್ನು ಇಂಗ್ಲಿಷಿಗೆ ಮಾಡುವುದು ಹೇಗೆ?

ಪ್ರಶ್ನೆ: ಅಕ್ಕನ ಮಗ ಹುಷಾರಿಲ್ಲದೆ ಮೂರು ದಿನ ಸ್ಕೂಲಿಗೆ ಹೋಗಿಲ್ಲ. ಟೀಚರ್‌ಗೆ ಕಳಿಸೋಕೆ ಅಕ್ಕ ಕನ್ನಡದಲ್ಲಿ ಮೇಲ್ ಬರೆದು ನನ್ನ ಕೈಗೆ ಕೊಟ್ಟಿದ್ದಾಳೆ. ಟೀಚರ್‌ಗೆ ಕನ್ನಡ ಬರಲ್ಲ. ಇದ್ದದ್ದು ಇದ್ದ ಹಾಗೆ ಅನುವಾದ ಮಾಡಲಾ, ಇಲ್ಲ ಚೆನ್ನಾಗಿ ಫಾರ್ಮಲ್ ಇಂಗ್ಲಿಷ್‌ನಲ್ಲಿ ಬರೆದುಕೊಡಲಾ?

ಉತ್ತರ: ಎರಡೂ ಬೇಡ. ಮೊದಲು ಅಕ್ಕನಿಗೆ ಫೋನ್ ಮಾಡಿ. ನಮ್ಮ ಅತ್ತಿಗೆ ಇಂಥದ್ದೇ ಮೇಲ್ ಕೊಟ್ಟಾಗ ನಾನು ಆ ಫೋನ್ ಮಾಡಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಅತ್ತಿಗೆ ಬರೆದಿದ್ದು ನಾಲ್ಕೇ ಸಾಲು. "ಮೇಡಂ, ಸೋಮವಾರದಿಂದ ಹುಡುಗನಿಗೆ ಹುಷಾರಿಲ್ಲ, ನೆಗಡಿ ಎದೆಗೆ ಇಳಿದಿದೆ. ಡಾಕ್ಟರಿಗೆ ತೋರಿಸಿದ್ದೇವೆ, ಗುರುವಾರ ಬರ್ತಾನೆ. ಓಡಿದ್ರೆ ದಮ್ಮು ಬರುತ್ತೆ, ಸ್ವಲ್ಪ ನೋಡ್ಕೊಳ್ಳಿ. ತಪ್ಪಾಗಿದ್ರೆ ಕ್ಷಮಿಸಿ." ನಾನು ಆಫೀಸಿನಲ್ಲಿ ದಿನಕ್ಕೆ ನಲವತ್ತು ಮೇಲ್ ಬರೆಯುವವನು, ಇದೇನು ಮಹಾ ಅಂತ ಐದು ನಿಮಿಷದಲ್ಲಿ ಮುಗಿಸಿದೆ. 'ರೆಸ್ಪೆಕ್ಟೆಡ್ ಮೇಡಂ' ಹಾಕಿದೆ, 'ಕೈಂಡ್ಲಿ' ಎರಡು ಸಲ ಬಂತು. ದಮ್ಮು ಬರುತ್ತೆ ಅನ್ನುವಲ್ಲಿ 'ಹಿ ಗೆಟ್ಸ್ ಟಯರ್ಡ್ ವೆನ್ ಹಿ ರನ್ಸ್' ಅಂತ ಬರೆದೆ.

ಆ ಒಂದು 'ಟಯರ್ಡ್'.

ಶುಕ್ರವಾರ ಆಟದ ಪಿರಿಯಡ್‌ನಲ್ಲಿ ಮೈದಾನ ಸುತ್ತು ಹಾಕಿಸಿದ್ದಾರೆ. ಎರಡನೇ ಸುತ್ತಿಗೆ ಇವನು ನಿಂತಿದ್ದಾನೆ. ಮೇಲ್ ಓದಿದ್ದ ಟೀಚರ್ ಪಾಪ ಬೆನ್ನು ತಟ್ಟಿ, ನಿಧಾನಕ್ಕೆ ಇನ್ನೊಂದು ಸುತ್ತು ಹಾಕು ಅಂದಿದ್ದಾರೆ. ಸುಸ್ತಾದ ಮಗುವಿಗೆ ಯಾರಾದರೂ ಹೇಳುವುದೇ ಅದು. ಮೂರನೇ ಸುತ್ತಿಗೆ ಎದೆಯಲ್ಲಿ ಸುಯ್ ಸುಯ್ ಶಬ್ದ ಶುರುವಾಗಿದೆ, ಒಂದು ವಾಕ್ಯ ಪೂರ್ತಿ ಹೇಳೋಕೂ ಉಸಿರು ಸಾಲುತ್ತಿಲ್ಲ. ಇನ್ಹೇಲರ್ ಇದ್ದಿದ್ದು ಮೇಲಿನ ಮಹಡಿಯಲ್ಲಿ, ಬ್ಯಾಗಿನೊಳಗೆ, ಅದು ಇದೆ ಅಂತಲೇ ಯಾರಿಗೂ ಗೊತ್ತಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ನೆಬ್ಯುಲೈಸರ್ ಹಾಕಿಸಿದ ಮೇಲೆ ಸರಿಹೋದ. ಮಾರನೇ ದಿನ ಅತ್ತಿಗೆ ಜಗಳಕ್ಕೆ ಅಂತಲೇ ಹೋದರು. ಟೀಚರ್ ಮೊಬೈಲ್ ತೆಗೆದು ನನ್ನ ಮೇಲ್ ತೋರಿಸಿದರು. ಓಡಿದರೆ ಸುಸ್ತಾಗುತ್ತಾನೆ ಅಂತ ಇದೆ, ಓಡಿದರೆ ಎಲ್ಲ ಮಕ್ಕಳಿಗೂ ಸುಸ್ತಾಗುತ್ತೆ ಅಲ್ವಾ ಅಂದರು. ಅವರ ಕಡೆ ಒಂದು ಚೂರೂ ತಪ್ಪಿರಲಿಲ್ಲ.

ಇಲ್ಲಿ ಆಗಿದ್ದೇನು ನೋಡಿ. ನಮ್ಮ ಮನೆಯಲ್ಲಿ ದಮ್ಮು ಅಂದರೆ ಸುಸ್ತಲ್ಲ. ಸುಸ್ತಾದರೆ ಕೂತರೆ ಹೋಗುತ್ತದೆ. ದಮ್ಮು ಅಂದರೆ ಉಸಿರಿನ ದಾರಿ ಕಿರಿದಾಗಿ, ಉಸಿರು ಬಿಡುವಾಗ ಶಿಳ್ಳೆ ಹೊಡೆದ ಹಾಗೆ ಶಬ್ದ ಬರುವುದು. ಅದು ಕೂತ ತಕ್ಷಣ ಹೋಗಲ್ಲ, ಓಟ ನಿಲ್ಲಿಸಿದ ಮೇಲೂ ಜಾಸ್ತಿಯಾಗಬಹುದು. ಇಂಗ್ಲಿಷ್‌ನಲ್ಲಿ ಅದಕ್ಕೆ ವೀಝಿಂಗ್ ಅಂತ ಬೇರೆಯೇ ಪದ ಇದೆ. ಆ ಪದ ನನಗೆ ಗೊತ್ತಿತ್ತು, ಅದೇ ಬೇಜಾರು. ಮನೆಯಲ್ಲಿ ದಿನಾ ಕೇಳುವ ಮಾತು ಅಂತ ಏನು, ಎತ್ತ ಅಂತ ಕೇಳೋಕೇ ಹೋಗಲಿಲ್ಲ. 'ಔಟ್ ಆಫ್ ಬ್ರೆತ್' ಅಂತ ಬರೆದಿದ್ದರೂ ಇದೇ ಗತಿ, ಮೆಟ್ಟಿಲು ಹತ್ತಿದವರೂ ಹಾಗೇ ಹೇಳುತ್ತಾರೆ.

ಹಾಗಂತ ಈ ಕಡೆ ಬಿಟ್ಟು ಆ ಕಡೆ ಬೀಳಬೇಡಿ. ಅಕ್ಕ 'ಉಬ್ಬಸ' ಅಂತ ಬರೆದಿದ್ದರೆ ನಿಘಂಟು ನೋಡಿ 'ಆಸ್ತಮಾ' ಅಂತ ಹಾಕಿಬಿಡುತ್ತೀರಿ. ಆಸ್ತಮಾ ಅನ್ನುವುದು ಕಾಯಿಲೆಯ ಹೆಸರು, ಅದನ್ನು ಡಾಕ್ಟರ್ ಹೇಳಬೇಕು. ವೀಝಿಂಗ್ ಅನ್ನುವುದು ಕಂಡ ಲಕ್ಷಣ, ಅದನ್ನು ಅಮ್ಮ ಹೇಳಬಹುದು. ಚಿಕ್ಕ ಮಕ್ಕಳಿಗೆ ನೆಗಡಿಯ ಜೊತೆ ಒಂದೆರಡು ಸಲ ವೀಝಿಂಗ್ ಬಂದ ಮಾತ್ರಕ್ಕೆ ಅದು ಆಸ್ತಮಾನೇ ಅಂತ ಅಲ್ಲ. ಡಾಕ್ಟರ್ ಚೀಟಿಯ ಫೋಟೋ ತರಿಸಿಕೊಳ್ಳಿ, ಅದರಲ್ಲಿ ಏನಿದೆಯೋ ಅದನ್ನೇ ಬರೆಯಿರಿ. ಏನೂ ಇಲ್ಲದಿದ್ದರೆ ಲಕ್ಷಣ ಮಾತ್ರ ಬರೆಯಿರಿ.

ನನ್ನ ಎರಡನೇ ತಪ್ಪು 'ಸ್ವಲ್ಪ ನೋಡ್ಕೊಳ್ಳಿ'. ಅತ್ತಿಗೆಯ ಮನಸ್ಸಿನಲ್ಲಿ ಅದಕ್ಕೆ ಪೂರ್ತಿ ಅರ್ಥ ಇತ್ತು: ಒಂದು ವಾರ ಓಡಿಸಬೇಡಿ, ಶಬ್ದ ಬಂದರೆ ಇನ್ಹೇಲರ್ ಕೊಡಿ, ನನಗೆ ಫೋನ್ ಮಾಡಿ. ಕನ್ನಡದಲ್ಲಿ ಅಷ್ಟೆಲ್ಲ ಬಿಡಿಸಿ ಹೇಳಿದರೆ ಟೀಚರ್‌ಗೇ ಹೇಳಿಕೊಟ್ಟ ಹಾಗಾಗುತ್ತದೆ ಅಂತ ನಾವು ನೋಡ್ಕೊಳ್ಳಿ ಅಂದು ಸುಮ್ನಾಗುತ್ತೇವೆ. ನಾನು ಅದನ್ನು 'ಕೈಂಡ್ಲಿ ಟೇಕ್ ಕೇರ್ ಆಫ್ ಹಿಮ್' ಅಂತ ಮಾಡಿದೆ. ಅದನ್ನು ಓದಿದವರಿಗೆ ಮಾಡಬೇಕಾದ ಕೆಲಸ ಒಂದೂ ಸಿಗಲ್ಲ, ಮೇಲ್ ಮುಗಿಸುವ ಮರ್ಯಾದೆಯ ಮಾತು ಅಂದುಕೊಳ್ಳುತ್ತಾರೆ. ಅದಕ್ಕೇ ಪದಕ್ಕೆ ಪದ ಅನುವಾದ ಬೇಡ ಅಂದಿದ್ದು. ಫಾರ್ಮಲ್ ಅಂತೂ ಇನ್ನೂ ಕೆಟ್ಟದ್ದು, ಇರುವ ಒಂದು ವಿಷಯವನ್ನೂ ಮುಚ್ಚಿ ಹಾಕುತ್ತದೆ. ಬಿಡುವಿನಲ್ಲಿ ನಿಂತುಕೊಂಡೇ ಮೇಲ್ ನೋಡುವವರು ಅವರು.

ಈಗ ಅತ್ತಿಗೆಯ ಮೇಲ್ ಬಂದರೆ ಹೀಗೆ ಮಾಡುತ್ತೇನೆ. ಮೂರು ಕೇಳುತ್ತೇನೆ: ಯಾವ ತಾರೀಖಿಂದ ಯಾವ ತಾರೀಖಿಗೆ, ನಿಮ್ಮ ಕಣ್ಣಿಗೆ ಕಂಡಿದ್ದು ಏನು, ಟೀಚರ್ ಏನು ಮಾಡಬೇಕು. ತಾರೀಖು ಯಾಕೆ ಅಂದರೆ 'ಗುರುವಾರದವರೆಗೆ ಬರಲ್ಲ' ಅಂದರೆ ಗುರುವಾರ ಬರುತ್ತಾನೋ ಇಲ್ಲವೋ ಅಂತ ಕನ್ನಡದಲ್ಲೂ ಗೊಂದಲ, 'ಟಿಲ್' ಹಾಕಿದರೆ ಇಂಗ್ಲಿಷ್‌ನಲ್ಲೂ ಅದೇ ಗೊಂದಲ. ಆಮೇಲೆ ಮೇಲ್ ಹೀಗೆ ಜೋಡಿಸುತ್ತೇನೆ. ಸಬ್ಜೆಕ್ಟ್ ಸಾಲಿನಲ್ಲಿ ಹುಡುಗನ ಹೆಸರು, ತರಗತಿ, ತಾರೀಖು. ಮೊದಲ ಸಾಲು: 12ರಿಂದ 14ರವರೆಗೆ ಮೂರು ದಿನ ಬಂದಿಲ್ಲ, 15ಕ್ಕೆ ಬರುತ್ತಾನೆ. ಎರಡನೇ ಸಾಲು: ನೆಗಡಿ ಆದಮೇಲೆ ವೀಝಿಂಗ್ ಇದೆ, ಓಡಿದರೆ ಜಾಸ್ತಿ. ಮೂರನೆಯದು: 21ರವರೆಗೆ, ಅವತ್ತೂ ಸೇರಿ, ಓಟದ ಆಟ ಬೇಡ. ಕೊನೆಗೆ, ಇನ್ಹೇಲರ್ ಮತ್ತು ಅದಕ್ಕೆ ಸಿಕ್ಕಿಸುವ ಸ್ಪೇಸರ್ ಕೊಳವೆ ಬ್ಯಾಗಿನ ಮುಂದಿನ ಜೇಬಿನಲ್ಲಿದೆ, ಶಬ್ದ ಬಂದರೆ ಕೊಟ್ಟು ಈ ನಂಬರಿಗೆ ಫೋನ್ ಮಾಡಿ. ಕ್ಷಮೆ ಕೇಳುವ ಸಾಲು ಕಿತ್ತು ಹಾಕುತ್ತೇನೆ, ಮಗುವಿಗೆ ಹುಷಾರು ತಪ್ಪಿದ್ದಕ್ಕೆ ಅಮ್ಮ ಯಾಕೆ ಕ್ಷಮೆ ಕೇಳಬೇಕು? ಕೆಳಗೆ ಅತ್ತಿಗೆಯ ಕನ್ನಡವನ್ನು ಹಾಗೇ ಅಂಟಿಸುತ್ತೇನೆ, ಸ್ಕೂಲಿನಲ್ಲಿ ಕನ್ನಡ ಓದುವವರು ಯಾರಾದರೂ ಇದ್ದರೆ ನನ್ನ ತಪ್ಪು ಅವರ ಕಣ್ಣಿಗೆ ಬೀಳಲಿ ಅಂತ.

ಕಳಿಸುವ ಮುಂಚೆ ಇನ್ನೊಂದು ಕೆಲಸ, ಇದನ್ನು ಮಾತ್ರ ಬಿಡಬೇಡಿ. ನೀವು ಬರೆದ ಇಂಗ್ಲಿಷನ್ನು ಮತ್ತೆ ಕನ್ನಡದಲ್ಲಿ ಅಕ್ಕನಿಗೆ ಓದಿ ಹೇಳಿ. ಅಕ್ಕನ ಮೇಲ್ ಪಕ್ಕದಲ್ಲಿ ಇಟ್ಟುಕೊಳ್ಳಬೇಡಿ, ನಿಮ್ಮ ಇಂಗ್ಲಿಷ್ ನೋಡಿಯೇ ಹೇಳಿ. ಅವತ್ತು ನಾನು "ಓಡಿದ್ರೆ ಸುಸ್ತಾಗ್ತಾನೆ" ಅಂತ ಒಂದು ಸಲ ಓದಿ ಹೇಳಿದ್ದರೂ ಸಾಕಿತ್ತು. ಅತ್ತಿಗೆ ಫೋನಿನಲ್ಲೇ "ಸುಸ್ತಲ್ಲ ಕಣೋ, ದಮ್ಮು!" ಅಂತ ಕೂಗುತ್ತಿದ್ದರು.

ಆ ಗಲಾಟೆ ಆದ ಮೇಲೆ ಹೊಸದಾಗಿ ಬರೆದು ಕಳಿಸಿದ ಮೇಲ್‌ಗೆ ಟೀಚರ್ ಅರ್ಧ ಗಂಟೆಯಲ್ಲಿ ಉತ್ತರ ಬರೆದರು. ಎಷ್ಟು ಪಫ್ ಕೊಡಬೇಕು, ಕೊಟ್ಟಮೇಲೂ ಶಬ್ದ ನಿಲ್ಲದಿದ್ದರೆ ಎಷ್ಟು ಹೊತ್ತು ನೋಡಬೇಕು ಅಂತ ಕೇಳಿದ್ದರು. ಅದನ್ನು ನಾನೂ ಬರೆದಿರಲಿಲ್ಲ, ಅತ್ತಿಗೆಯೂ ಹೇಳಿರಲಿಲ್ಲ. ಸಂಜೆ ಡಾಕ್ಟರ್ ಹತ್ತಿರ ಕೇಳಿ, ಬರೆಸಿಕೊಂಡು ಬಂದೆವು.