ಕೇಸ್ ರಿಪೋರ್ಟ್ ಬರೆಯುವಾಗ ಹೆಡಿಂಗ್ ಆಮೇಲೆ, ಟೈಮ್‌ಲೈನ್ ಮೊದಲು

ಪ್ರಶ್ನೆ: ನಮ್ಮ ಮೇಡಂ ಒಂದು ಕೇಸಿನ ನೋಟ್ಸ್ ಕೊಟ್ಟು ಕೇಸ್ ರಿಪೋರ್ಟ್ ಬರಿ ಅಂದಿದ್ದಾರೆ. ಎಲ್ಲಾ ಚೂರು ಚೂರು ವಾಕ್ಯಗಳು. ಜರ್ನಲ್‌ನವರು ಕೇಸ್ ರಿಪೋರ್ಟ್‌ಗಳಿಗಾಗಿಯೇ ಇರುವ ಕೇರ್ ಪಟ್ಟಿಯ ಹೆಡಿಂಗ್‌ಗಳ ಪ್ರಕಾರವೇ ಬೇಕು ಅನ್ನುತ್ತಾರೆ. ಯಾವ ವಾಕ್ಯ ಯಾವ ಹೆಡಿಂಗ್ ಕೆಳಗೆ ಹೋಗಬೇಕು? ರೆಡಿ ಟೆಂಪ್ಲೇಟ್ ಇದೆಯಾ?

ಟೆಂಪ್ಲೇಟ್ ಇದೆ. ನಾನೂ ಪಿಜಿ ಮಾಡುವಾಗ ಅದನ್ನೇ ತೆರೆದುಕೊಂಡು ಕೂತೆ. ಕೆಲಸ ಕೆಟ್ಟಿದ್ದೂ ಅಲ್ಲೇ.

ನಮ್ಮ ಸರ್ ಕೊಟ್ಟ ನೋಟ್ಸ್ ಹೆಚ್ಚುಕಡಿಮೆ ಹೀಗಿತ್ತು (ರೋಗಿಯ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ): "71 ವರ್ಷ, ಹೆಂಗಸು. ಬಿಪಿಗೆ ಹೈಡ್ರೋಕ್ಲೋರೋಥಯಾಜೈಡ್, ವರ್ಷಗಳಿಂದ. ಸರ್ಟ್ರಲಿನ್ ಹೊಸದು, 12 ದಿನ. 2 ದಿನದಿಂದ ವಾಂತಿ, ಮಂಪರು, ಮಾತು ಅಸಂಬದ್ಧ. ಸೋಡಿಯಂ 114. ಯೂರಿನ್ ಸೋಡಿಯಂ 62. 3% ಸಲೈನ್ 150 ಎಂಎಲ್. ಮರುದಿನ 121. ಮಾತ್ರೆ ನಿಲ್ಲಿಸಿದೆ. ಎಸ್‌ಐಎಡಿಎಚ್. 133ಕ್ಕೆ ಡಿಸ್ಚಾರ್ಜ್."

ಎಸ್‌ಐಎಡಿಎಚ್ ಅಂದರೆ ದೇಹ ಬೇಡದಿದ್ದರೂ ನೀರು ಹಿಡಿದಿಟ್ಟುಕೊಂಡು ರಕ್ತದ ಸೋಡಿಯಂ ತೆಳುವಾಗುವ ಸ್ಥಿತಿ. ಸರ್ಟ್ರಲಿನ್ ಜಾತಿಯ ಖಿನ್ನತೆಯ ಔಷಧಿಗಳಿಂದ, ಅದರಲ್ಲೂ ವಯಸ್ಸಾದವರಲ್ಲಿ, ಇದು ಬರುವುದು ಗೊತ್ತಿರುವ ವಿಷಯ. ಕಥೆ ಚೆನ್ನಾಗಿ ಕೂತಿತು ಅನ್ನಿಸಿತು. ಒಂದೊಂದು ಚೂರನ್ನೂ ಎತ್ತಿ ಹೆಡಿಂಗ್ ಕೆಳಗೆ ಇಟ್ಟೆ. ವಯಸ್ಸು, ಬಿಪಿ, ಮಾತ್ರೆ ಎಲ್ಲ ರೋಗಿಯ ಮಾಹಿತಿಗೆ. ಮಂಪರು ಪರೀಕ್ಷೆಯಲ್ಲಿ ಕಂಡಿದ್ದಕ್ಕೆ. ಎರಡೂ ಸೋಡಿಯಂ ಲ್ಯಾಬ್ ಪರೀಕ್ಷೆಗಳಿಗೆ. ಸಲೈನ್ ಚಿಕಿತ್ಸೆಗೆ. ಒಂದು ಸಂಜೆಯಲ್ಲಿ ಮುಗಿಯಿತು. ಸರ್ ಕೂಡ ಓದಿ ಸರಿ ಅಂದರು.

ರಿವ್ಯೂವರ್ ಒಂದೇ ಪ್ರಶ್ನೆ ಕೇಳಿದರು: ಮೂತ್ರದ ಸ್ಯಾಂಪಲ್ ತೆಗೆದಿದ್ದು ಸಲೈನ್‌ಗಿಂತ ಮೊದಲೋ, ಆಮೇಲೋ?

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದೇ ಗೊತ್ತಿರಲಿಲ್ಲ, ಅದು ಜಾಸ್ತಿ ನಾಚಿಕೆ. ಫೈಲ್ ತರಿಸಿ ನರ್ಸಿಂಗ್ ಚಾರ್ಟ್ ನೋಡಿದೆ. ರೋಗಿ ಕ್ಯಾಜುವಾಲ್ಟಿಗೆ ಬಂದ ಕೂಡಲೇ, ವಾಂತಿ ಆಗಿದೆ ಅಂತ ಸಾಮಾನ್ಯ ಸಲೈನ್ ಡ್ರಿಪ್ ಹಾಕಿದ್ದರು. ನೋಟ್ಸ್‌ನಲ್ಲಿ ಅದರ ಸುಳಿವೇ ಇಲ್ಲ. ಮೂತ್ರ ತೆಗೆದಿದ್ದು ಡ್ರಿಪ್ ಶುರುವಾದ 3 ಗಂಟೆ ಆದಮೇಲೆ.

ಇದು ಸಣ್ಣ ವಿಷಯ ಅಲ್ಲ, ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ವಾಂತಿಯಿಂದ ದೇಹ ಒಣಗಿದ್ದರೆ ಕಿಡ್ನಿ ಹೆಚ್ಚಾಗಿ ಸೋಡಿಯಂ ಬಿಟ್ಟುಕೊಡುವುದಿಲ್ಲ. ಮೂತ್ರದ ಸೋಡಿಯಂ ಕಡಿಮೆ ಬರುತ್ತದೆ, ಸಾಮಾನ್ಯವಾಗಿ 30ಕ್ಕಿಂತ ಕೆಳಗೆ. ಎಸ್‌ಐಎಡಿಎಚ್‌ನಲ್ಲಿ ಅದಕ್ಕಿಂತ ಮೇಲೆ ಇರುತ್ತದೆ. ಆದರೆ ಸಲೈನ್ ಒಳಗೆ ಹೋದಮೇಲೆ ಮೂತ್ರದ ಸೋಡಿಯಂ ತಾನಾಗಿಯೇ ಏರಬಹುದು. ಮೇಲಾಗಿ ಥಯಾಜೈಡ್ ಕೂಡ ಸೋಡಿಯಂ ಅನ್ನು ಮೂತ್ರಕ್ಕೆ ತಳ್ಳುವ ಮಾತ್ರೆಯೇ. ಅದಕ್ಕೇ ಆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಎಸ್‌ಐಎಡಿಎಚ್ ಅಂತ ನೇರವಾಗಿ ಹೆಸರಿಡುವ ಹಾಗಿಲ್ಲ. ಅಂದರೆ ನನ್ನ ಇಡೀ ವಾದ ನಿಂತಿದ್ದ 62 ಅನ್ನುವ ಅಂಕಿ ಏನನ್ನೂ ಸಾಬೀತು ಮಾಡುತ್ತಿರಲಿಲ್ಲ. ರಿಪೋರ್ಟ್ ವಾಪಸ್ ಬಂತು.

ಇಲ್ಲಿ ಮೋಸ ಮಾಡಿದ್ದು ಹೆಡಿಂಗ್‌ಗಳ ಕ್ರಮ. ಪರೀಕ್ಷೆಯ ಹೆಡಿಂಗ್ ಮೊದಲು, ಚಿಕಿತ್ಸೆಯ ಹೆಡಿಂಗ್ ಆಮೇಲೆ. ಓದುವವರು ಸಹಜವಾಗಿ ಎಲ್ಲಾ ಪರೀಕ್ಷೆ ಮುಗಿದ ಮೇಲೆ ಚಿಕಿತ್ಸೆ ಶುರುವಾಯಿತು ಅಂದುಕೊಳ್ಳುತ್ತಾರೆ. ಬರೆದ ನಾನೂ ಹಾಗೇ ಅಂದುಕೊಂಡಿದ್ದೆ. ವಾರ್ಡಿನಲ್ಲಿ ಹಾಗೆ ಎಂದೂ ನಡೆಯುವುದಿಲ್ಲ ಅಲ್ವಾ?

ಹಾಗಾಗಿ "ಯಾವ ವಾಕ್ಯ ಯಾವ ಹೆಡಿಂಗ್ ಕೆಳಗೆ" ಅನ್ನುವ ಪ್ರಶ್ನೆಯನ್ನೇ ಸದ್ಯಕ್ಕೆ ಬಿಟ್ಟುಬಿಡಿ. 2013ರಲ್ಲಿ ಬಂದ ಕೇರ್ ಪಟ್ಟಿಯಲ್ಲಿ ಟೈಮ್‌ಲೈನ್ ಅಂತ ಒಂದು ಹೆಡಿಂಗ್ ಇದೆ. ಎಲ್ಲರೂ ಅದನ್ನು ಕೊನೆಯಲ್ಲಿ ಒಂದು ಚಿತ್ರ ಹಾಕಿ ಮುಗಿಸುತ್ತಾರೆ. ನೀವು ಅದನ್ನೇ ಮೊದಲು ಮಾಡಿ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ಯಾವಾಗ, ಏನಾಯಿತು, ಎಲ್ಲಿಂದ ಗೊತ್ತಾಯಿತು. ಮೂರನೆಯದು ಮುಖ್ಯ. ಮೇಡಂ ನೋಟ್ಸ್, ಲ್ಯಾಬ್ ಚೀಟಿ, ಔಷಧಿ ಚಾರ್ಟ್, ಮನೆಯವರ ಮಾತು, ಯಾವುದು ಅಂತ ಬರೆಯಿರಿ. ಲ್ಯಾಬ್ ಚೀಟಿಯಲ್ಲಿ ಎರಡು ಸಮಯ ಇರಬಹುದು, ಸ್ಯಾಂಪಲ್ ತೆಗೆದಿದ್ದು ಮತ್ತು ರಿಪೋರ್ಟ್ ಬಂದಿದ್ದು. ನಿಮಗೆ ಬೇಕಾದದ್ದು ಮೊದಲನೆಯದು. ತಾರೀಖಿನ ಬದಲು ದಿನ 0, ದಿನ 1 ಅಂತ ಹಾಕಿದರೆ ರೋಗಿಯ ಗುರುತೂ ಗುಟ್ಟಾಗಿ ಉಳಿಯುತ್ತದೆ.

ನನ್ನ ಕೇಸನ್ನು ಹಾಗೆ ಮತ್ತೆ ಬರೆದಾಗ ಇನ್ನೊಂದು ಸಂಗತಿ ಹೊರಬಿತ್ತು. "ಮಾತ್ರೆ ನಿಲ್ಲಿಸಿದೆ" ಅಂತ ಇತ್ತಲ್ಲ, ಯಾವ ಮಾತ್ರೆ? ನಾನು ಸರ್ಟ್ರಲಿನ್ ಅಂತ ಓದಿಕೊಂಡಿದ್ದೆ. ಚಾರ್ಟ್ ಪ್ರಕಾರ ದಿನ 0ರಂದೇ ಎರಡನ್ನೂ ನಿಲ್ಲಿಸಿದ್ದರು. ಎರಡೂ ಒಟ್ಟಿಗೆ ನಿಂತಮೇಲೆ ಸೋಡಿಯಂ ಏರಿದ್ದಕ್ಕೆ ಯಾವುದು ಕಾರಣ ಅಂತ ಹೇಳುವುದು ಹೇಗೆ? ಚರ್ಚೆಯ ಭಾಗವನ್ನು ಪೂರ್ತಿ ಬದಲಿಸಬೇಕಾಯಿತು. ಥಯಾಜೈಡ್ ಮೇಲಿದ್ದವರಿಗೆ ಸರ್ಟ್ರಲಿನ್ ಸೇರಿಸಿದ ಮೇಲೆ ಸೋಡಿಯಂ ಇಳಿದ ಕೇಸ್, ಎರಡರ ಪಾಲನ್ನು ಬೇರ್ಪಡಿಸಲು ಆಗುವುದಿಲ್ಲ. ಅಷ್ಟೇ. ನನ್ನ ಪ್ರಕಾರ ಇದೇ ಮೊದಲಿನದಕ್ಕಿಂತ ಒಳ್ಳೆಯ ರಿಪೋರ್ಟ್. ಬೇರೆ ಜರ್ನಲ್ ತೆಗೆದುಕೊಂಡಿತು ಕೂಡ.

ಟೈಮ್‌ಲೈನ್ ಸಿದ್ಧವಾದ ಮೇಲೆ ಹೆಡಿಂಗ್‌ಗಳು ಕಷ್ಟ ಕೊಡುವುದಿಲ್ಲ. ಒಂದೇ ನಿಯಮ ಇಟ್ಟುಕೊಳ್ಳಿ: ಆ ಹೊತ್ತಿನಲ್ಲಿ ಡಾಕ್ಟರಿಗೆ ಗೊತ್ತಿದ್ದದ್ದು ಮಾತ್ರ ಆ ಜಾಗದಲ್ಲಿ. ಮೊದಲ ದಿನದ ಪರೀಕ್ಷೆಯಲ್ಲಿ ಕೊನೆಗೆ ಗೊತ್ತಾದ ಕಾಯಿಲೆಯ ಹೆಸರು ಬರಬಾರದು. ಪರೀಕ್ಷೆಗಳ ಭಾಗದಲ್ಲಿ ಬರೀ ಅಂಕಿ ಸಾಲದು, ಯಾವ ಯಾವ ಕಾಯಿಲೆ ಇರಬಹುದು ಅಂತ ಯೋಚಿಸಿದ್ದರು ಅನ್ನುವುದೂ ಬೇಕು. ಈಗ ನಾನು ಅಲ್ಲೇ ಬರೆಯುತ್ತೇನೆ: "ಮೂತ್ರದ ಸ್ಯಾಂಪಲ್ ಅನ್ನು ಸಲೈನ್ ಶುರುವಾದ 3 ಗಂಟೆಯ ನಂತರ ತೆಗೆಯಲಾಯಿತು." ಚಿಕಿತ್ಸೆಯಲ್ಲಿ ಡೋಸ್, ಎಷ್ಟು ಹೊತ್ತು, ಯಾಕೆ ಬದಲಿಸಿದರು. ಫಲಿತಾಂಶದಲ್ಲಿ 114ರಿಂದ 121, ಅಂದರೆ 24 ಗಂಟೆಯಲ್ಲಿ 7. ಈ ಕೇಸಲ್ಲಿ ಈ ಲೆಕ್ಕ ಬರೆಯಲೇಬೇಕು, ಯಾಕೆಂದರೆ ತುಂಬಾ ಬೇಗ ಏರಿಸಿದರೆ ಮೆದುಳಿಗೆ ಹಾನಿ. ಅದಕ್ಕೆ ಮೊದಲ 24 ಗಂಟೆಯಲ್ಲಿ 8-10 ದಾಟಬಾರದು ಅನ್ನುತ್ತಾರೆ.

ಇನ್ನು ನೋಟ್ಸ್‌ನಲ್ಲಿ ಇಲ್ಲದ ವಿಷಯ. ಎಸ್‌ಐಎಡಿಎಚ್ ಅನ್ನಬೇಕಾದರೆ ಥೈರಾಯ್ಡ್, ಕಾರ್ಟಿಸಾಲ್ ನೋಡಿರಬೇಕು. ನೋಟ್ಸ್ ಅದರ ಬಗ್ಗೆ ಸುಮ್ಮನಿತ್ತು. ಬರೆದಿಲ್ಲ ಅಂದರೆ ಮಾಡಿಸಿಲ್ಲ ಅಂತಲೂ ಅಲ್ಲ, ನಾರ್ಮಲ್ ಬಂತು ಅಂತಲೂ ಅಲ್ಲ. ಇಂಥ ಕಡೆ ಸುಮ್ನೆ "ಇತರ ಪರೀಕ್ಷೆಗಳು ಸಹಜ" ಅಂತ ತುಂಬಬೇಡಿ. ಜಾಗ ಖಾಲಿ ಬಿಟ್ಟು, ಪ್ರಶ್ನೆಗಳನ್ನೆಲ್ಲ ಒಂದೇ ಕಾಗದದಲ್ಲಿ ಬರೆದು ಮೇಡಂ ಹತ್ತಿರ ಒಂದೇ ಸಲ ಹೋಗಿ. ಹೌದು ಅಥವಾ ಇಲ್ಲ ಅಂತ ಉತ್ತರಿಸುವ ಹಾಗೆ ಕೇಳಿದರೆ ರೌಂಡ್ಸ್ ಮಧ್ಯೆಯೂ ಹೇಳುತ್ತಾರೆ.

ಅದೇ ಕಾಗದದ ಮೇಲಿನ ಸಾಲಿನಲ್ಲಿ "ರೋಗಿಯ ಲಿಖಿತ ಒಪ್ಪಿಗೆ ಇದೆಯಾ" ಅಂತ ಬರೆಯಿರಿ. ಕೇರ್ ಪಟ್ಟಿಯಲ್ಲಿ ಅದು ಕೊನೆಗೆ ಬರುತ್ತದೆ, ಆದರೆ ರೋಗಿ ಮನೆಗೆ ಹೋಗಿ ತಿಂಗಳುಗಳಾದ ಮೇಲೆ ಸಹಿ ಹುಡುಕಿಕೊಂಡು ಹೋಗುವುದು ಕಷ್ಟ. ಇಲ್ಲ ಅಂದರೆ ಮೊದಲು ಅದನ್ನು ಪಡೆಯಿರಿ, ಟೈಮ್‌ಲೈನ್ ನಾಳೆ ಮಾಡಿದರೂ ನಡೆಯುತ್ತದೆ.