ಪಾಲು ಬಿಡುವ ಪತ್ರದಲ್ಲಿ ಮೊತ್ತ ಬರೆಯುವ ಮುನ್ನ

ಪ್ರಶ್ನೆ: ನಾವು ಮೂವರು ಅಣ್ಣತಮ್ಮಂದಿರು ಹುಬ್ಬಳ್ಳಿಯಲ್ಲಿ ಹಾರ್ಡ್‌ವೇರ್ ಮತ್ತು ಪೈಪಿನ ಹೋಲ್‌ಸೇಲ್ ಅಂಗಡಿ ನಡೆಸುತ್ತಿದ್ದೇವೆ. ಸಂಸ್ಥೆ ನೋಂದಣಿಯಾಗಿದೆ. ಅಣ್ಣನಿಗೆ ಶೇ 40, ನನಗೂ ತಮ್ಮನಿಗೂ ತಲಾ ಶೇ 30 ಪಾಲು. ಪಾಲುಪತ್ರದಲ್ಲಿ ಅವಧಿಯೂ ಇಲ್ಲ, ಹೊರಬರುವವರ ಲೆಕ್ಕದ ಬಗ್ಗೆಯೂ ಏನೂ ಇಲ್ಲ. ನಾನು ಹೊರಬರಬೇಕೆಂದಿದ್ದೇನೆ. ಬಂಡವಾಳ ಖಾತೆಯ 40 ಲಕ್ಷ, ಗೋದಾಮಿನ ಬೆಲೆ ಏರಿಕೆಯಲ್ಲಿ 24.6 ಲಕ್ಷ, ಮೂರು ವರ್ಷದ ಲಾಭದಂತೆ ಅಂಗಡಿಯ ಹೆಸರಿನ ಬೆಲೆ, ಅಂದರೆ ಗುಡ್‌ವಿಲ್, 50.4 ಲಕ್ಷ, ಒಟ್ಟು 1.15 ಕೋಟಿ ರೂಪಾಯಿಯನ್ನು ಒಂದು ವರ್ಷದೊಳಗೆ ಎರಡು ಕಂತಿನಲ್ಲಿ ಕೊಡಿ ಎಂದು ಅಣ್ಣನಿಗೆ ಪತ್ರ ಬರೆದಿಟ್ಟಿದ್ದೇನೆ. ಬ್ಯಾಲೆನ್ಸ್ ಶೀಟ್ ಜೊತೆಗಿದೆ. ಪತ್ರ ಸರಿಯಿದೆಯೇ?

ಉತ್ತರ: ಈ ರೂಪದಲ್ಲಿ ಪತ್ರವನ್ನು ಕೊಡಬೇಡಿ. ಹೊರಬರುವುದು ನಿಮ್ಮ ಹಕ್ಕು, ಅದರ ಬಗ್ಗೆ ಅನುಮಾನವಿಲ್ಲ. ಆದರೆ ಮೊದಲ ಪತ್ರದಲ್ಲೇ ಮೊತ್ತವನ್ನು ಬರೆದರೆ ಮುಂದಿನ ಮಾತೆಲ್ಲ ಆ ಮೊತ್ತದ ಸುತ್ತಲೇ ಜಗ್ಗಾಟವಾಗುತ್ತದೆ. ಅದು ಅಣ್ಣನವರ ಆಡಿಟರ್ ಹತ್ತು ನಿಮಿಷದಲ್ಲಿ ಒಡೆಯಬಹುದಾದ ಮೊತ್ತವಾದರೆ ಪತ್ರದಲ್ಲಿರುವ ನ್ಯಾಯವಾದ ಬೇಡಿಕೆಗಳೂ ಅದರೊಂದಿಗೆ ತೂಕ ಕಳೆದುಕೊಳ್ಳುತ್ತವೆ. ಪತ್ರದಲ್ಲಿ ಇರಬೇಕಾದದ್ದು ಲೆಕ್ಕದ ವಿಧಾನ, ಲೆಕ್ಕ ನಿಲ್ಲಿಸುವ ದಿನಾಂಕ ಮತ್ತು ಹಣ ಕೊಡುವ ಕ್ರಮ.

ನಿಮ್ಮ ಲೆಕ್ಕದ ದುರ್ಬಲ ಭಾಗ ಗುಡ್‌ವಿಲ್. ವರ್ಷದ ಸರಾಸರಿ ಲಾಭ 56 ಲಕ್ಷವನ್ನು ಮೂರರಿಂದ ಗುಣಿಸಿ, ಅದರಲ್ಲಿ ಶೇ 30 ತೆಗೆದಿದ್ದೀರಿ. ಆದರೆ ಆ 56 ಲಕ್ಷದಲ್ಲಿ ನೀವು ಮೂವರು ಬೆಳಗಿನಿಂದ ರಾತ್ರಿಯವರೆಗೆ ದುಡಿದದ್ದರ ಸಂಬಳ ಕಳೆದಿಲ್ಲ. ಮನೆಖರ್ಚಿಗೆ ತೆಗೆದದ್ದೆಲ್ಲ ಬಂಡವಾಳ ಖಾತೆಗೆ ಖರ್ಚು ಬಿದ್ದಿದೆಯೇ ಹೊರತು ಲಾಭ-ನಷ್ಟದ ಲೆಕ್ಕಕ್ಕೆ ಬಂದಿಲ್ಲ. ಅಂಗಡಿಯ ಕಟ್ಟಡ ನಿಮ್ಮ ತಂದೆಯವರ ಹೆಸರಿನಲ್ಲಿದ್ದು, ಸಂಸ್ಥೆ ಬಾಡಿಗೆ ಕೊಡುತ್ತಿಲ್ಲ. ತಲಾ 6 ಲಕ್ಷ ಸಂಬಳ ಹಿಡಿದರೆ 18 ಲಕ್ಷ, ತಿಂಗಳಿಗೆ 50 ಸಾವಿರ ಬಾಡಿಗೆ ಹಿಡಿದರೆ 6 ಲಕ್ಷ. ಎರಡನ್ನೂ ಕಳೆದರೆ ಉಳಿಯುವುದು 32 ಲಕ್ಷ. ಈ 32 ಲಕ್ಷದಲ್ಲೂ ಹೂಡಿರುವ ಬಂಡವಾಳಕ್ಕೆ ಸಹಜವಾಗಿ ಬರಬೇಕಾದ ಪ್ರತಿಫಲವನ್ನು ಬೇರೆ ಮಾಡಬೇಕು. ಅದನ್ನು ಮೀರಿ ಬಂದ ಲಾಭಕ್ಕೆ ಮಾತ್ರ ಗುಡ್‌ವಿಲ್ ಎಂಬ ಬೆಲೆ ಸಲ್ಲುತ್ತದೆ.

ಹಾಗಾದರೆ ಬಂಡವಾಳ ನಿಜವಾಗಿ ಎಷ್ಟು? ಪುಸ್ತಕದ ಪ್ರಕಾರ ಮೂವರ ಖಾತೆ ಸೇರಿ 140 ಲಕ್ಷ. ಗೋದಾಮು ಪುಸ್ತಕದಲ್ಲಿ 18 ಲಕ್ಷವಿದ್ದು, ಇಂದಿನ ಬೆಲೆ ಒಂದು ಕೋಟಿ ಎಂದು ನೀವೇ ಹೇಳಿದ್ದೀರಿ. ಅಲ್ಲಿ 82 ಲಕ್ಷ ಏರಿಕೆ. ಈ ಏರಿಕೆಯನ್ನು ತೋರಿಸಿದ ನಿಮ್ಮ ಪತ್ರ ಇಳಿಕೆಯನ್ನು ತೋರಿಸಿಲ್ಲ. ಎರಡು ವರ್ಷದಿಂದ ಅಲುಗದ ಹಳೆಯ ಫಿಟಿಂಗ್ಸ್ 30 ಲಕ್ಷಕ್ಕೆ ದಾಸ್ತಾನಿನಲ್ಲಿ ನಿಂತಿವೆ. ಅವಕ್ಕೆ 10 ಲಕ್ಷ ಬಂದರೆ ಹೆಚ್ಚು. ವರ್ಷ ಮೀರಿದ ಉದ್ರಿಯಲ್ಲಿ 10 ಲಕ್ಷವನ್ನು ಮುಳುಗಿದ ಬಾಕಿ ಎಂದೇ ಹಿಡಿಯಬೇಕು. 11 ಜನ ಕೆಲಸಗಾರರಿರುವುದರಿಂದ ಗ್ರಾಚ್ಯುಟಿ ಕೊಡುವ ಹೊಣೆ ಇದೆ, ಆದರೆ ಪುಸ್ತಕದಲ್ಲಿ ಅದಕ್ಕಾಗಿ ಏನನ್ನೂ ತೆಗೆದಿಟ್ಟಿಲ್ಲ. ನೀವು ಕೊಟ್ಟ ಸೇವಾವಧಿ ಮತ್ತು ಸಂಬಳದ ಮೇಲೆ ಅದು ಸುಮಾರು 6 ಲಕ್ಷವಾಗುತ್ತದೆ. 82ರಲ್ಲಿ ಈ 36 ಲಕ್ಷವನ್ನು ಕಳೆದರೆ ನಿವ್ವಳ ಏರಿಕೆ 46 ಲಕ್ಷ, ನಿಜವಾದ ಬಂಡವಾಳ 186 ಲಕ್ಷ.

ಅದಕ್ಕೆ ಶೇ 12ರಂತೆ ಪ್ರತಿಫಲ ಹಿಡಿದರೆ ವರ್ಷಕ್ಕೆ 22.32 ಲಕ್ಷ. 32 ಲಕ್ಷದಲ್ಲಿ ಅದನ್ನು ಕಳೆದರೆ ಹೆಚ್ಚುವರಿ ಲಾಭ 9.68 ಲಕ್ಷ; ಗುಡ್‌ವಿಲ್‌ಗೆ ಎರಡು ವರ್ಷದ ಹೆಚ್ಚುವರಿ ಲಾಭ ಹಿಡಿದರೆ 19.36 ಲಕ್ಷ. ನಿಮ್ಮ ಪಾಲು ಹೀಗಾಗುತ್ತದೆ: ಬಂಡವಾಳ ಖಾತೆ 40 ಲಕ್ಷ, ನಿವ್ವಳ ಏರಿಕೆಯ ಶೇ 30 ಅಂದರೆ 13.8 ಲಕ್ಷ, ಗುಡ್‌ವಿಲ್‌ನಲ್ಲಿ 5.8 ಲಕ್ಷ, ಒಟ್ಟು 59.6 ಲಕ್ಷ. ಎರಡು ವರ್ಷದ ಬದಲು ಮೂರು ವರ್ಷ ಹಿಡಿಯಬೇಕೆಂದು ನೀವು ವಾದಿಸಬಹುದು, ಅದರಿಂದ ಇನ್ನು 2.9 ಲಕ್ಷ ಸೇರುತ್ತದೆ. ಸಂಬಳ, ಬಾಡಿಗೆ, ಶೇ 12, ಇವೆಲ್ಲವೂ ಚರ್ಚೆಗೆ ಬರುವ ಅಂಕಿಗಳೇ. ಆದರೆ ಯಾವ ದಾರಿಯಲ್ಲಿ ಹೋದರೂ 1.15 ಕೋಟಿಗೆ ತಲುಪುವುದಿಲ್ಲ. ಇದು ನಿಮಗೆ ಕಹಿ ಎನಿಸಬಹುದು. ಅಣ್ಣನ ಬಾಯಿಂದ ಕೇಳುವುದಕ್ಕಿಂತ ಈಗಲೇ ತಿಳಿದಿರುವುದು ಮೇಲು.

ಇನ್ನು ಪತ್ರದ ಮಾತು. ಅವಧಿ ಗೊತ್ತುಪಡಿಸದ ನಿಮ್ಮಂಥ ಪಾಲುದಾರಿಕೆಯಲ್ಲಿ, 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಕಲಂ 32ರಂತೆ, ಉಳಿದ ಎಲ್ಲ ಪಾಲುದಾರರಿಗೆ ಲಿಖಿತ ನೋಟಿಸ್ ಕೊಟ್ಟು ನಿವೃತ್ತರಾಗಬಹುದು. ಎಲ್ಲರಿಗೂ ಎಂದರೆ ತಮ್ಮನಿಗೂ ಕೊಡಬೇಕು. ನಿಮ್ಮ ಕರಡು ಅಣ್ಣನಿಗೆ ಮಾತ್ರ ಬರೆದದ್ದು. ಅದರಲ್ಲಿ ‘ವ್ಯವಹಾರವನ್ನು ಮುಗಿಸಿ ಪಾಲು ಮಾಡಿಕೊಳ್ಳೋಣ’ ಎಂಬ ವಾಕ್ಯವೂ ಇದೆ. ಅದನ್ನು ಖಂಡಿತ ತೆಗೆಯಿರಿ. ಇಂಥ ಸಂಸ್ಥೆಯನ್ನು ಒಬ್ಬ ಪಾಲುದಾರನ ನೋಟಿಸಿನಿಂದಲೇ ವಿಸರ್ಜಿಸಲು ಕಲಂ 43 ಅವಕಾಶ ಕೊಡುತ್ತದೆ. ನಿಮ್ಮ ವಾಕ್ಯವನ್ನು ವಿಸರ್ಜನೆಯ ನೋಟಿಸ್ ಎಂದು ಯಾರಾದರೂ ಓದಿದರೆ, ನಡೆಯುತ್ತಿರುವ ಅಂಗಡಿಯ ಬೆಲೆಯ ಬದಲು ದಾಸ್ತಾನನ್ನು ಹರಾಜು ಹಾಕಿದ ಬೆಲೆಯ ಮೇಲೆ ಲೆಕ್ಕ ನಡೆದೀತು. ಯಾರು ಎಷ್ಟು ದುಡಿದರು, ಯಾರು ಲೆಕ್ಕ ತೋರಿಸಲಿಲ್ಲ ಎಂಬ ಎರಡು ಪುಟಗಳನ್ನೂ ಬಿಡಿ. ಅದನ್ನು ಹೇಳಬೇಕಿದ್ದರೆ ಮನೆಯಲ್ಲಿ ಕುಳಿತು ಹೇಳಿ. ಪತ್ರದ ತಿರುಳು ಇಷ್ಟಿದ್ದರೆ ಸಾಕು:

‘ಪೂಜ್ಯ ಅಣ್ಣನವರಿಗೆ ಮತ್ತು ಪ್ರಿಯ ತಮ್ಮನಿಗೆ, ಬರುವ ಮಾರ್ಚ್ 31ರ ವ್ಯವಹಾರ ಮುಗಿದ ಕ್ಷಣದಿಂದ ನಾನು ನಮ್ಮ ಸಂಸ್ಥೆಯ ಪಾಲುದಾರಿಕೆಯಿಂದ ನಿವೃತ್ತನಾಗುತ್ತಿದ್ದೇನೆ. ಸಂಸ್ಥೆಯನ್ನು ವಿಸರ್ಜಿಸುವ ಉದ್ದೇಶ ನನಗಿಲ್ಲ. ನೀವಿಬ್ಬರೂ ಅದನ್ನು ಮುಂದುವರಿಸಬೇಕೆಂಬುದೇ ನನ್ನ ಇಚ್ಛೆ. ನನ್ನ ಪಾಲಿನ ಮೌಲ್ಯವನ್ನು ಅಂದಿನ ದಾಸ್ತಾನು ಎಣಿಕೆ, ಉದ್ರಿ ಪಟ್ಟಿ ಮತ್ತು ಗೋದಾಮಿನ ಮಾರುಕಟ್ಟೆ ಬೆಲೆಯ ಆಧಾರದ ಮೇಲೆ, ನಾವು ಮೂವರೂ ಒಪ್ಪುವ ಹೊರಗಿನ ಲೆಕ್ಕಪರಿಶೋಧಕರೊಬ್ಬರು ನಿಗದಿಪಡಿಸಲಿ. ಅವರ ಶುಲ್ಕವನ್ನು ಸಂಸ್ಥೆ ಭರಿಸಲಿ. ಹಣವನ್ನು ಕಂತುಗಳಲ್ಲಿ ಪಡೆಯಲು ನಾನು ಸಿದ್ಧನಿದ್ದೇನೆ. ಕಂತಿನ ಪ್ರಸ್ತಾಪವನ್ನು ಲಗತ್ತಿಸಿದ್ದೇನೆ.’

ದೀಪಾವಳಿ ಪಾಡ್ಯಕ್ಕೆ ಹೊಸ ಪುಸ್ತಕ ಪೂಜೆ ಮಾಡುವ ಪದ್ಧತಿ ನಿಮ್ಮಲ್ಲಿದ್ದರೂ ನಿವೃತ್ತಿಗೆ ಮಾರ್ಚ್ 31 ಒಳ್ಳೆಯದು. ತೆರಿಗೆ ಲೆಕ್ಕಕ್ಕಾಗಿ ಅಂದು ಹೇಗೂ ದಾಸ್ತಾನು ಎಣಿಸಲೇಬೇಕು. ಎಣಿಕೆಯ ಹೊತ್ತಿಗೆ ಗೋದಾಮಿನಲ್ಲಿ ನೀವೂ ನಿಂತು, ಹಾಳೆ ಹಾಳೆಗೂ ಮೂವರ ಸಹಿ ಹಾಕಿಸಿಕೊಳ್ಳಿ. ಇಂಥ ಲೆಕ್ಕಗಳಲ್ಲಿ ತಕರಾರು ಏಳುವುದು ಹೆಚ್ಚಾಗಿ ದಾಸ್ತಾನಿನಲ್ಲೇ.

ಕಂತಿನ ವಿಷಯದಲ್ಲಿ ಅಂಗಡಿಯ ಕೈಗೆ ಎಷ್ಟು ಹಣ ಬರುತ್ತದೆ ಎಂಬುದನ್ನು ನೋಡದೆ ಬೇಡಿಕೆ ಇಡುವುದು ವ್ಯರ್ಥ. 56 ಲಕ್ಷದಲ್ಲಿ ಉಳಿದ ಇಬ್ಬರ ಸಂಬಳ 12 ಲಕ್ಷ, ಬಾಡಿಗೆ 6 ಲಕ್ಷ, ನಿಮ್ಮ ಜಾಗಕ್ಕೆ ಬರುವ ಮ್ಯಾನೇಜರನ ಸಂಬಳ ಸುಮಾರು 5 ಲಕ್ಷ, ಉಳಿದ ಲಾಭದ ಮೇಲೆ ತೆರಿಗೆ, ಇವೆಲ್ಲ ಹೋಗಿ ವರ್ಷಕ್ಕೆ ಹೆಚ್ಚೆಂದರೆ 23 ಲಕ್ಷ ಉಳಿಯುತ್ತದೆ. ಒಟ್ಟು ಮೊತ್ತ 60 ಲಕ್ಷ ಎಂದಿಟ್ಟುಕೊಂಡರೆ, ಒಪ್ಪಂದಕ್ಕೆ ಸಹಿ ಮಾಡುವಾಗ 15 ಲಕ್ಷ ಪಡೆದು, ಉಳಿದ 45 ಲಕ್ಷವನ್ನು ಮೂರು ತಿಂಗಳಿಗೊಂದರಂತೆ ತಲಾ 3.75 ಲಕ್ಷದ 12 ಕಂತುಗಳಲ್ಲಿ, ಉಳಿದ ಬಾಕಿಗೆ ಶೇ 9ರ ಬಡ್ಡಿಯೊಂದಿಗೆ ಪಡೆಯಬಹುದು. ಮೊದಲ ವರ್ಷ ಅಸಲು 15 ಲಕ್ಷ, ಬಡ್ಡಿ ಸುಮಾರು 3.5 ಲಕ್ಷ ಆಗುತ್ತದೆ. ಅಂಗಡಿ ಅದನ್ನು ಕಷ್ಟಪಟ್ಟಾದರೂ ಹೊರುತ್ತದೆ. ಒಂದೇ ವರ್ಷದಲ್ಲಿ ಎಲ್ಲವನ್ನೂ ಕೇಳಿದರೆ ಗೋದಾಮು ಮಾರದೆ ಅವರಿಗೆ ದಾರಿಯಿಲ್ಲ. ಬಡ್ಡಿಯ ದರವನ್ನು ಬರೆಯದೆ ಬಿಡಬೇಡಿ. ಲೆಕ್ಕ ತೀರದೆ ಉಳಿದರೆ, ಕಲಂ 37ರ ಪ್ರಕಾರ ನೀವು ನಿಮ್ಮ ಪಾಲಿನ ಬಳಕೆಯಿಂದ ಬಂದ ಲಾಭವನ್ನಾಗಲಿ ವರ್ಷಕ್ಕೆ ಶೇ 6ರ ಬಡ್ಡಿಯನ್ನಾಗಲಿ ಕೇಳಬಹುದು. ಆದರೆ ಶೇ 6 ಎಂಬುದು ಅಂಗಡಿಯ ವಹಿವಾಟಿಗೆ ಬ್ಯಾಂಕಿನಿಂದ ತೆಗೆದ ಕ್ಯಾಶ್ ಕ್ರೆಡಿಟ್, ಅಂದರೆ ಸಿಸಿ ಸಾಲದ ಬಡ್ಡಿಗಿಂತ ಕಡಿಮೆ, ಹಾಗಾಗಿ ತಡಮಾಡುವುದೇ ಅವರಿಗೆ ಲಾಭವಾಗುತ್ತದೆ.

ಭದ್ರತೆಗೆ 12 ಚೆಕ್‌ಗಳನ್ನು ಮುಂದಿನ ದಿನಾಂಕ ಹಾಕಿಸಿ ಪಡೆಯಿರಿ. ಜೊತೆಗೆ ಇಬ್ಬರ ವೈಯಕ್ತಿಕ ಜಾಮೀನು ಇರಲಿ. ಸತತ ಎರಡು ಕಂತು ತಪ್ಪಿದರೆ ಪೂರ್ತಿ ಬಾಕಿ ಒಟ್ಟಿಗೆ ಕೊಡಬೇಕೆಂಬ ಷರತ್ತನ್ನೂ, ಗೋದಾಮು ಮಾರಿದರೆ ಬ್ಯಾಂಕಿನ ನಂತರ ಮೊದಲು ನಿಮ್ಮ ಬಾಕಿ ತೀರಿಸಬೇಕೆಂಬ ಷರತ್ತನ್ನೂ ಸೇರಿಸಿ. ತೆರಿಗೆಯನ್ನೂ ಈಗಲೇ ಮಾತಾಡಿ. ಆದಾಯ ತೆರಿಗೆ ಕಾಯ್ದೆಗೆ 2021ರಲ್ಲಾದ ತಿದ್ದುಪಡಿಯ ನಂತರ, ನಿವೃತ್ತರಾಗುವವರಿಗೆ ಬಂಡವಾಳ ಖಾತೆಯನ್ನು ಮೀರಿ ಕೊಟ್ಟ ಹಣಕ್ಕೆ, ಅಂದರೆ ಇಲ್ಲಿ ಸುಮಾರು 19.6 ಲಕ್ಷಕ್ಕೆ, ಬಂಡವಾಳ ಲಾಭದ ತೆರಿಗೆ ಬೀಳುವುದು ಸಂಸ್ಥೆಯ ಮೇಲೆ. ಗೋದಾಮಿನ ಜಾಗಕ್ಕೆ ಸೇರಿದ ಭಾಗಕ್ಕೆ ಒಂದು ದರವಾದರೆ, ಕಟ್ಟಡ ಮತ್ತು ಗುಡ್‌ವಿಲ್‌ಗೆ ಸೇರಿದ ಭಾಗಕ್ಕೆ ಹೆಚ್ಚಿನ ದರ. ಈ ಭಾರವನ್ನು ಮೂವರೂ ಹೊರುತ್ತೀರೋ, ಉಳಿದ ಇಬ್ಬರೇ ಹೊರುತ್ತಾರೋ ಎಂಬುದು ಒಪ್ಪಂದದಲ್ಲಿಲ್ಲದಿದ್ದರೆ ಎರಡನೇ ಕಂತಿನ ಹೊತ್ತಿಗೆ ‘ನಿನ್ನಿಂದಾಗಿ ತೆರಿಗೆ ಕಟ್ಟಿದೆವು’ ಎಂಬ ಮಾತು ಬರುತ್ತದೆ.

ನೀವು ಕೇಳದಿದ್ದರೂ ಹೇಳಲೇಬೇಕಾದದ್ದು 80 ಲಕ್ಷದ ಸಿಸಿ ಸಾಲ. ಅದಕ್ಕೆ ನೀವೂ ಜಾಮೀನು ಹಾಕಿದ್ದೀರಿ. ಅಣ್ಣತಮ್ಮಂದಿರ ನಡುವೆ ಏನೇ ಬರೆದುಕೊಂಡರೂ ಅದು ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಬ್ಯಾಂಕ್ ಲಿಖಿತವಾಗಿ ಬಿಡುಗಡೆ ಮಾಡುವವರೆಗೆ ಆ ಜಾಮೀನು ನಿಮ್ಮ ಕೊರಳಿಗೇ ಇರುತ್ತದೆ. ಆದ್ದರಿಂದ ಬಿಡುಗಡೆ ಪತ್ರ ಕೈಗೆ ಬರುವುದನ್ನು ಒಪ್ಪಂದದ ಷರತ್ತಾಗಿಸಿ. ನಿವೃತ್ತಿಯ ಸಾರ್ವಜನಿಕ ಪ್ರಕಟಣೆಯೂ ಆಗಬೇಕು: ಸಂಸ್ಥೆಗಳ ರಿಜಿಸ್ಟ್ರಾರ್‌ಗೆ ತಿಳಿವಳಿಕೆ, ರಾಜ್ಯಪತ್ರ, ಮತ್ತು ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆ. ಅದಾಗುವವರೆಗೆ, ನಿಮ್ಮನ್ನು ಪಾಲುದಾರರೆಂದು ತಿಳಿದು ಮಾಲು ಕೊಟ್ಟವರು ನಿಮ್ಮ ಬಾಗಿಲಿಗೂ ಬರಬಹುದು. ಜಿಎಸ್‌ಟಿ ನೋಂದಣಿಯಿಂದ ಹೆಸರು ತೆಗೆಸಲು 15 ದಿನಗಳ ಗಡುವಿದೆ.

ಕಡೆಯದಾಗಿ, ಅಂಗಡಿಯ ಕಟ್ಟಡ ಸಂಸ್ಥೆಯ ಆಸ್ತಿಯಲ್ಲ, ಅದು ತಂದೆಯವರದು. ನಿವೃತ್ತಿ ಒಪ್ಪಂದದ ಕೊನೆಯಲ್ಲಿ ‘ಇನ್ನು ಮುಂದೆ ಯಾವುದೇ ಆಸ್ತಿಯಲ್ಲಿ ಯಾವುದೇ ಹಕ್ಕು ಇರುವುದಿಲ್ಲ’ ಎಂದು ಟೈಪು ಮಾಡಿಸುವುದು ವಾಡಿಕೆ. ಆ ಸಾಲನ್ನು ‘ಈ ಪಾಲುದಾರಿಕೆ ಸಂಸ್ಥೆಯ ಆಸ್ತಿ ಮತ್ತು ವ್ಯವಹಾರದಲ್ಲಿ ಮಾತ್ರ’ ಎಂದು ತಿದ್ದಿಸಿದ ಮೇಲೆಯೇ ಸಹಿ ಹಾಕಿ.