ನಾಟಿಗೆ ಆಳು ಸಿಗದಾಗ ನೇರ ಬಿತ್ತನೆ: ಮೊದಲ 40 ದಿನಗಳ ಲೆಕ್ಕ

"ನಾಲ್ಕು ಎಕರೆ ಭತ್ತದ ಗದ್ದೆ ಇದೆ. ಎರಡು ವರ್ಷದಿಂದ ಸಸಿ ಸಿದ್ಧವಾದರೂ ಆಳು ಸಿಗದೆ ನಾಟಿ 15 ದಿನ ತಡವಾಗುತ್ತಿದೆ. ಈ ಸಲ ನಾಲ್ಕೂ ಎಕರೆಗೆ ಕೂರಿಗೆಯಿಂದ ನೇರವಾಗಿ ಬಿತ್ತಿಬಿಡಲೇ? ಇಳುವರಿ ಬೀಳುತ್ತದೆಯೇ?"

ನಮಸ್ಕಾರ. ನಿಮ್ಮ ಈ ಪ್ರಶ್ನೆಗೆ ಈಗಾಗಲೇ ಕೆಲವರು ಉತ್ತರ ಬರೆದಿದ್ದಾರೆ, ಅವರ ಮಾತುಗಳನ್ನೂ ಮುಂದೆ ಪ್ರಸ್ತಾಪಿಸುತ್ತೇನೆ. ಸಸಿಮಡಿಯಲ್ಲೇ ಬಲಿತ ಸಸಿಯನ್ನು ನೆಟ್ಟರೆ ತೆಂಡೆ ಕಡಿಮೆಯಾಗುತ್ತದೆ. ಆದ್ದರಿಂದ ಹಾಗೆ ತಡವಾಗುವ ನಾಟಿಗಿಂತ ಸಕಾಲದ ನೇರ ಬಿತ್ತನೆ ಎಷ್ಟೋ ಮೇಲು. ಆದರೆ ಮೊದಲ ವರ್ಷವೇ ನಾಲ್ಕೂ ಎಕರೆಗೆ ಬಿತ್ತಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಂದು ಎಕರೆಯಲ್ಲಿ, ಅದೂ ನಿಮ್ಮಲ್ಲಿರುವ ಅತ್ಯಂತ ಕಡಿಮೆ ಕಳೆಯ ಗದ್ದೆಯಲ್ಲಿ ಆರಂಭಿಸಿ.

ನಾಟಿ ಮಾಡಿದಾಗ 20–25 ದಿನ ಬೆಳೆದ ಸಸಿ ಗದ್ದೆಗೆ ಇಳಿಯುತ್ತದೆ, ಅದರ ಬುಡದಲ್ಲಿ ನಿಂತ ನೀರು ಹೆಚ್ಚಿನ ಕಳೆಬೀಜಗಳನ್ನು ಮೊಳೆಯಲು ಬಿಡುವುದಿಲ್ಲ. ಕೂರಿಗೆಯಲ್ಲಿ ಬಿತ್ತಿದಾಗ ಈ ಎರಡೂ ಅನುಕೂಲ ಕೈತಪ್ಪುತ್ತವೆ. ಭತ್ತ ಮತ್ತು ಕಳೆ ಒಂದೇ ದಿನ ಹುಟ್ಟಿ ಒಟ್ಟಿಗೇ ಬೆಳೆಯುತ್ತವೆ. ಹೀಗಾಗಿ ನಾಟಿಯಲ್ಲಿ ಉಳಿಸಿದ ಆಳನ್ನು ಮುಂದಿನ 40 ದಿನಗಳಲ್ಲಿ ಕಳೆ ಮರಳಿ ಕೇಳುತ್ತದೆ. ಇಳುವರಿ ಬೀಳುತ್ತದೆಯೇ ಇಲ್ಲವೇ ಎಂಬುದು ಬಹುಪಾಲು ಈ 40 ದಿನಗಳಲ್ಲೇ ತೀರ್ಮಾನವಾಗುತ್ತದೆ.

ನನ್ನ ಮೊದಲ ವರ್ಷದ ಅನುಭವವನ್ನು ಬಿಚ್ಚಿ ಹೇಳುತ್ತೇನೆ. ಒಂದು ಎಕರೆಗೆ ಸಾಲಿನಿಂದ ಸಾಲಿಗೆ 20 ಸೆಂಟಿಮೀಟರ್ ಅಂತರದಲ್ಲಿ ಬಿತ್ತಿದೆ, ಮೊಳಕೆಯೂ ಚೆನ್ನಾಗಿಯೇ ಬಂತು. ಆದರೆ ಕಳೆ ಮೊಳೆಯುವ ಮುನ್ನ ಸಿಂಪಡಿಸಬೇಕಾದ ಪೆಂಡಿಮಿಥಾಲಿನ್ ಅನ್ನು ಬಿತ್ತಿದ ಮೂರನೆಯ ದಿನ, ಮೇಲ್ಮಣ್ಣು ಪೂರ್ತಿ ಆರಿದ ಮೇಲೆ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಹೊಡೆದೆ. ಈ ಔಷಧಿ ಮಣ್ಣಿನ ಮೇಲ್ಪದರದಲ್ಲಿ ತೇವದ ಜೊತೆ ಹರಡಿ ನಿಂತರೆ ಮಾತ್ರ ಕೆಲಸ ಮಾಡುತ್ತದೆ. ಒಣ ಮಣ್ಣಿನ ಮೇಲೆ ಬಿದ್ದದ್ದು ವ್ಯರ್ಥವಾಯಿತು. ಹನ್ನೆರಡನೆಯ ದಿನಕ್ಕೆ ಸಾಲುಗಳ ನಡುವೆ ಹಸಿರು ಹಾಸು ಹಾಸಿದಂತಾಗಿತ್ತು. ಅನಂತರ, ಮೊಳೆತ ಕಳೆಯನ್ನು ಕೊಲ್ಲುವ ಬಿಸ್‌ಪೈರಿಬ್ಯಾಕ್ ಸಿಂಪಡಿಸಲು 32ನೆಯ ದಿನದವರೆಗೆ ಕಾದದ್ದು ಎರಡನೆಯ ತಪ್ಪು. ಅಷ್ಟರಲ್ಲಿ ಕಳೆಗೆ ಆರೇಳು ಎಲೆ ಬಂದಿತ್ತು. ಔಷಧಿಗೆ ಅದು ಹಳದಿಯಾಯಿತೇ ಹೊರತು ಸಾಯಲಿಲ್ಲ, ವಾರದೊಳಗೆ ಮತ್ತೆ ಚಿಗುರಿತು. ಕೊನೆಗೆ ಮೂರು ಸಲ ಕೈಕಳೆ ತೆಗೆಸಬೇಕಾಯಿತು. ನಾಟಿಗೆ 12 ಆಳು ಸಾಕಾಗುತ್ತಿದ್ದ ಆ ಗದ್ದೆಗೆ ಕಳೆಗೆಂದೇ 26 ಆಳು ಹಿಡಿಯಿತು.

ಮರುವರ್ಷ ಅದೇ ಗದ್ದೆಯಲ್ಲಿ ಬಿತ್ತನೆಗೆ ಮುನ್ನವೇ ಕಳೆಯನ್ನು ಮೊಳೆಯಿಸಿ ಕೊಂದೆ. ಗದ್ದೆಯನ್ನು ಉತ್ತು ಮಟ್ಟ ಮಾಡಿ, ಒಮ್ಮೆ ನೀರು ಹಾಯಿಸಿ ಹತ್ತು ಹನ್ನೆರಡು ದಿನ ಸುಮ್ಮನೆ ಬಿಟ್ಟೆ. ಮೊಳೆತದ್ದನ್ನು ತೆಳುವಾಗಿ ಹರಗಿ ನಾಶಮಾಡಿದೆ. ಇಲ್ಲಿ ಆಳವಾಗಿ ಉಳಬಾರದು, ಉತ್ತರೆ ಕೆಳಗಿನ ಹೊಸ ಕಳೆಬೀಜ ಮೇಲೆ ಬರುತ್ತದೆ. ನೀವೂ ಈ ಕೆಲಸವನ್ನು ನಾಲ್ಕೂ ಎಕರೆಯಲ್ಲಿ, ಕನಿಷ್ಠ ಒಂದೊಂದು ಮೂಲೆಯಲ್ಲಾದರೂ ಮಾಡಿ ನೋಡಿ. ಯಾವ ಗದ್ದೆಯಲ್ಲಿ ಕಡಿಮೆ ಮೊಳೆಯುತ್ತದೆಯೋ ಅದೇ ನಿಮ್ಮ ಮೊದಲ ಎಕರೆ. ಮೊಳೆತದ್ದರಲ್ಲಿ ಕಾಡುಭತ್ತ ಅಥವಾ ಹಿಂದಿನ ಬೆಳೆಯ ಉದುರಿದ ಭತ್ತ ಹೆಚ್ಚಿದ್ದರೆ ಆ ಗದ್ದೆಯನ್ನು ನಾಟಿಗೇ ಬಿಡಿ, ಏಕೆಂದರೆ ನಾವು ಬಳಸುವ ಸಾಮಾನ್ಯ ಕಳೆನಾಶಕಗಳು ಭತ್ತದೊಳಗಿನ ಕಾಡುಭತ್ತವನ್ನು ಬೇರ್ಪಡಿಸಿ ಕೊಲ್ಲಲಾರವು.

ಬಿತ್ತನೆಯಲ್ಲಿ ಆಳವೇ ಮುಖ್ಯ. ಬೀಜ 2–3 ಸೆಂಟಿಮೀಟರ್ ಕೆಳಗೆ ಬೀಳಬೇಕು. ಐದು ಸೆಂಟಿಮೀಟರಿಗೆ ಹೋದರೆ ಗಿಡ್ಡ ತಳಿಗಳ ಮೊಳಕೆ ಮೇಲೇಳಲು ಹೆಣಗುತ್ತದೆ, ಮೇಲೆಯೇ ಉಳಿದರೆ ಹಕ್ಕಿಗೆ ಆಹಾರವಾಗುತ್ತದೆ. ಎಕರೆಗೆ 10 ಕಿಲೋ ಒಳ್ಳೆಯ ಬೀಜ ಸಾಕು. ನಿಮಗೆ ಉತ್ತರಿಸಿದವರಲ್ಲಿ ಒಬ್ಬ ಗೆಳೆಯರು 30 ಕಿಲೋ ಹಾಕಿದರೆ ಭತ್ತವೇ ಕಳೆಯನ್ನು ಅಡಗಿಸುತ್ತದೆ ಎಂದಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ದಟ್ಟ ಬೆಳೆ ಕಳೆಯನ್ನು ಸ್ವಲ್ಪ ಹಿಮ್ಮೆಟ್ಟಿಸುತ್ತದೆ. ಆದರೆ ಗಾಳಿಯಾಡದೆ ಎಲೆಕವಚದ ರೋಗ ಬರುವುದು, ಕಾಂಡ ತೆಳುವಾಗಿ ತೆನೆ ಹೊತ್ತಾಗ ಪೈರು ನೆಲಕ್ಕೊರಗುವುದು ಕೂಡ ಅದೇ ದಟ್ಟಣೆಯಿಂದಲೇ. "ಮಟ್ಟವಿಲ್ಲದ ಗದ್ದೆಗೆ ಕೂರಿಗೆ ಇಳಿಸಬೇಡಿ" ಎಂದು ಬರೆದ ಹಿರಿಯರ ಮಾತನ್ನು ಮಾತ್ರ ಪೂರ್ತಿಯಾಗಿ ಒಪ್ಪಿಕೊಳ್ಳಿ: ತಗ್ಗಿನಲ್ಲಿ ನೀರು ನಿಂತರೆ ಮೊಳೆಯುವ ಬೀಜ ಕೊಳೆಯುತ್ತದೆ, ದಿಬ್ಬದಲ್ಲಿ ಔಷಧಿಗೆ ಬೇಕಾದ ತೇವ ಉಳಿಯುವುದಿಲ್ಲ.

ನನ್ನ ಎರಡನೆಯ ವರ್ಷ ಬಿತ್ತಿದ ಮರುದಿನ ಸಂಜೆ, ಮಣ್ಣು ಇನ್ನೂ ತೇವವಾಗಿದ್ದಾಗ, 30 ಇ.ಸಿ. ಪೆಂಡಿಮಿಥಾಲಿನ್ ಒಂದು ಲೀಟರನ್ನು 200 ಲೀಟರ್ ನೀರಿನಲ್ಲಿ ಬೆರೆಸಿ ಇಡೀ ಎಕರೆಗೆ ಸಮನಾಗಿ ಸಿಂಪಡಿಸಿದೆ. ಬೀಜ ಮಣ್ಣಿನೊಳಗೆ ಮುಚ್ಚಿಕೊಂಡಿರುವುದರಿಂದಲೇ ಭತ್ತಕ್ಕೆ ಅಪಾಯವಾಗುವುದಿಲ್ಲ. ಕೆಸರಿನ ಮೇಲೆ ಮೊಳಕೆ ಬೀಜ ಚೆಲ್ಲುವವರು ಇದನ್ನು ಹಾಗೆಯೇ ಅನುಸರಿಸಬೇಡಿ. ಅದಕ್ಕೆ ಬೇರೆ ಔಷಧಿ, ಬೇರೆ ದಿನ. ಇಪ್ಪತ್ತನೆಯ ದಿನ, ಕಳೆಗೆ ಮೂರು ಎಲೆ ಇದ್ದಾಗ, ನೀರು ಬಸಿದು 10 ಎಸ್.ಸಿ. ಬಿಸ್‌ಪೈರಿಬ್ಯಾಕ್ 100 ಮಿಲಿಲೀಟರ್ ಹೊಡೆದು, ಮರುದಿನ ನೀರು ಕಟ್ಟಿದೆ. ಎರಡೂ ಸಲ ಚಪ್ಪಟೆಯಾಗಿ ಬೀಸುವ ನಾಜಲ್ ಬಳಸಿದೆ. ಉಳಿದ ಕಳೆಗೆ 5 ಆಳು ಸಾಕಾಯಿತು, ಇಳುವರಿ ಪಕ್ಕದ ನಾಟಿ ಗದ್ದೆಗೆ ಸರಿಸಮವಾಗಿ ಬಂದು ಕೊಯ್ಲು ವಾರ ಮುಂಚೆಯೇ ಆಯಿತು. ನೀವು ಸಿಂಪಡಿಸುವ ಮುನ್ನ ಡಬ್ಬಿಯ ಮೇಲಿನ ಸೂಚನೆಯನ್ನು ಓದಿ, ನಿಮ್ಮ ಗದ್ದೆಯ ಕಳೆಯನ್ನೂ ಗುರುತಿಸಿಕೊಳ್ಳಿ. ಬಿಸ್‌ಪೈರಿಬ್ಯಾಕ್ ಎಲ್ಲ ಹುಲ್ಲನ್ನೂ ಕೊಲ್ಲುವುದಿಲ್ಲ. ಕೆಂಪು ಛಾಯೆಯ ನವಿರಾದ ಕವಲು ತೆನೆ ಬಿಡುವ ಹುಲ್ಲೊಂದು ನನ್ನಲ್ಲಿ ಅದಕ್ಕೆ ಜಗ್ಗಲೇ ಇಲ್ಲ, ಅದನ್ನು ಕೈಯಿಂದಲೇ ಕಿತ್ತೆವು.

ಇನ್ನೊಂದು ಎಚ್ಚರಿಕೆ. ಮೂರು ನಾಲ್ಕು ವಾರದ ಪೈರು ಹಳದಿಯಾದರೆ ಕೂಡಲೇ ಯೂರಿಯಾ ಎರಚಬೇಡಿ. ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಹೊಸ ಎಲೆ ಬಿಳಿಚಿಕೊಂಡು ಹಳೆಯದು ಹಸಿರಾಗಿಯೇ ಇದ್ದರೆ ಕಬ್ಬಿಣದ ಕೊರತೆ. ನೀರು ನಿಲ್ಲದ ನೆಲದಲ್ಲಿ, ಅದರಲ್ಲೂ ಮರಳು ಮಿಶ್ರಿತ ಅಥವಾ ಸುಣ್ಣದಂಶದ ಮಣ್ಣಿನಲ್ಲಿ, ಕಬ್ಬಿಣ ಬೇರಿಗೆ ಸಿಗದ ರೂಪಕ್ಕೆ ತಿರುಗುತ್ತದೆ. ಮೊದಲು ನೀರು ಕೊಟ್ಟು, ಅನಂತರ 100 ಲೀಟರ್ ನೀರಿಗೆ ಒಂದು ಕಿಲೋ ಫೆರಸ್ ಸಲ್ಫೇಟ್ ಕರಗಿಸಿ ವಾರಕ್ಕೊಮ್ಮೆ ಎರಡು ಮೂರು ಸಲ ಎಲೆಗೆ ಸಿಂಪಡಿಸಿದರೆ ಹಸಿರು ಮರಳುತ್ತದೆ.

ಮತ್ತೊಬ್ಬರು ತಮ್ಮ ನಾಟಿ ಯಂತ್ರದ ಬಗ್ಗೆ ವಿವರವಾಗಿ ಬರೆದಿದ್ದಾರೆ. ನಿಮ್ಮ ಪ್ರಶ್ನೆ ಅದಲ್ಲವಾದರೂ ಉಳಿದ ಮೂರು ಎಕರೆಗೆ ಅದು ಉಪಯುಕ್ತವೇ. ಆದರೆ ಯಂತ್ರಕ್ಕೆ ಚಾಪೆಯಂತೆ ಬೆಳೆಸಿದ 15–20 ದಿನದ ಸಸಿ ಬೇಕು, ಮಾಮೂಲಿ ಸಸಿಮಡಿಯದು ಆಗುವುದಿಲ್ಲ. ಆದ್ದರಿಂದ ಯಂತ್ರ ಯಾವ ದಿನ ಬರುತ್ತದೆಂಬುದನ್ನು ಖಚಿತಪಡಿಸಿಕೊಂಡೇ ಸಸಿ ಬಿಡಿ.

ವರ್ಷ ವರ್ಷವೂ ಅದೇ ಗದ್ದೆಗೆ ನೇರ ಬಿತ್ತನೆ ಮಾಡಬಹುದೇ ಎಂಬುದರಲ್ಲಿ ನನಗೂ ಆ ಹಿರಿಯರಿಗೂ ಇನ್ನೂ ಭಿನ್ನಾಭಿಪ್ರಾಯವಿದೆ. ಕಾಡುಭತ್ತ ಹೆಚ್ಚುವ ಭಯದಿಂದ ನಾನು ಎರಡು ವರ್ಷಕ್ಕೊಮ್ಮೆ ಕೆಸರು ಮಾಡಿ ನಾಟಿಗೆ ಮರಳುತ್ತೇನೆ. ಅವರು ಐದು ವರ್ಷದಿಂದ ಬಿಡದೆ ಬಿತ್ತುತ್ತಿದ್ದಾರೆ. ನಿಮ್ಮ ಮಣ್ಣು ಯಾವ ಬಗೆಯದು, ಬಿತ್ತಿದ ಮೇಲೆ ಬೇಕಾದ ದಿನ ನೀರು ಹಾಯಿಸುವ ಹಿಡಿತ ನಿಮಗಿದೆಯೇ ಎಂಬುದನ್ನು ತಿಳಿಸಿ. ನೀರು ನಿಮ್ಮ ಕೈಯಲ್ಲಿಲ್ಲದಿದ್ದರೆ ಮೇಲಿನ ದಿನಗಳ ಲೆಕ್ಕವನ್ನು ಬದಲಿಸಬೇಕಾಗುತ್ತದೆ.